ಹತ್ತಕ್ಕೆ ಹತ್ತು, ಆದ್ರೂ ತಪ್ಪು

ಅಕ್ಕನ ಮಗಳು ಗಣಿತದ ಅಭ್ಯಾಸ ಪುಸ್ತಕ ತಂದು ತೋರಿಸಿದಳು. ದಶಮಾಂಶಗಳ ಪಾಠ, 'ಯಾವುದು ದೊಡ್ಡದು?' ಅನ್ನೋ ಲೆಕ್ಕಗಳು. ಹತ್ತಕ್ಕೆ ಹತ್ತೂ ಸರಿ. ಸುಮ್ಮನೆ ಕೇಳಿದೆ, "0.4, 0.35, ಯಾವುದು ದೊಡ್ಡದು ಪುಟ್ಟಿ?"

"0.35 ಮಾಮ. ಮೂವತ್ತೈದು ನಾಲ್ಕಕ್ಕಿಂತ ದೊಡ್ಡದಲ್ವಾ?"

ಪುಸ್ತಕ ತಿರುವಿ ನೋಡಿದೆ. ಮೊದಲ ಲೆಕ್ಕ 0.3 ಮತ್ತು 0.7. ಕೊನೆಯದು, ತಲೆ ಮೇಲೆ 'ಸವಾಲು' ಅಂತ ಬರೆದದ್ದು, 47.382 ಮತ್ತು 47.391. ನೋಡೋಕೆ ಕಷ್ಟ, ನಿಜ. ಆದರೆ ಪ್ರತಿ ಜೋಡಿಯಲ್ಲೂ ಬಿಂದುವಿನ ಬಲಕ್ಕೆ ಅಷ್ಟಷ್ಟೇ ಅಂಕಿಗಳು. ಬಿಂದುವಿನ ನಂತರದ್ದನ್ನು ಮಾಮೂಲಿ ಸಂಖ್ಯೆ ಅಂತ ಓದೋ ಮಗುವಿಗೂ ಹತ್ತೂ ಸರಿಯಾಗೇ ಬರುತ್ತವೆ. ಬರೆದವರು ಅಂಕಿ ಹೆಚ್ಚಿಸಿದ್ದಾರೆ, ಯೋಚನೆ ಇದ್ದಲ್ಲೇ ಇದೆ.

ಹಾಗಂತ 0.4, 0.35 ಜೋಡಿ ಒಂದನ್ನು ಸೇರಿಸಿದರೆ ಮುಗೀತಾ? ಇಲ್ಲ. ಇನ್ನೊಂದು ಜಾತಿಯ ತಪ್ಪಿದೆ. ಹತ್ತನೇ ಒಂದು ಭಾಗ ನೂರನೇ ಒಂದು ಭಾಗಕ್ಕಿಂತ ದೊಡ್ಡದು ತಾನೆ, ಹಾಗಾಗಿ ಅಂಕಿ ಕಮ್ಮಿ ಇದ್ದದ್ದೇ ದೊಡ್ಡದು ಅಂದುಕೊಳ್ಳೋ ಮಕ್ಕಳಿದ್ದಾರೆ. ಅವರು 0.4 ಅಂತ ಸರಿಯಾಗೇ ಬರೀತಾರೆ, ಕಾರಣ ಮಾತ್ರ ತಪ್ಪು. ಅವರನ್ನು ಹಿಡಿಯೋಕೆ 0.3 ಮತ್ತು 0.45 ಬೇಕು. ಒಂದೊಂದು ಜೋಡಿ ಒಂದೊಂದು ತಪ್ಪನ್ನು ಬಯಲಿಗೆಳೆಯುತ್ತೆ, ಎರಡೂ ಇರಲೇಬೇಕು.

ಪಾಠದ ಆರಂಭದಲ್ಲಿ 'ದಶಮಾಂಶಗಳನ್ನು ಅರ್ಥ ಮಾಡಿಕೊಳ್ಳುವರು' ಅನ್ನೋ ಉದ್ದೇಶ ಬರೆದಿದ್ದಾರೆ. ಅರ್ಥವಾಯ್ತೋ ಇಲ್ವೋ ಅಂತ ಹೇಗೆ ನೋಡೋದು? 'ಅಂಕಿಗಳ ಲೆಕ್ಕ ಬೇರೆಬೇರೆ ಇರುವ ಎರಡು ದಶಮಾಂಶಗಳನ್ನು ಹೋಲಿಸಿ ಕಾರಣ ಹೇಳುವರು' ಅಂತಿದ್ದರೆ ಅಭ್ಯಾಸ ಬರೆಯೋವಾಗಲೇ ಈ ಜೋಡಿಗಳು ನೆನಪಾಗುತ್ತಿದ್ದವು.

ಬಿಡಿಸಿ ತೋರಿಸಿದ ಉದಾಹರಣೆಯಲ್ಲೂ ಇದೇ ಕಥೆ. 'ಕೊನೆಗೆ ಸೊನ್ನೆ ಸೇರಿಸಿ, 0.40 ಮಾಡಿ, ಹೋಲಿಸಿ' ಅಂತ ಒಂದೇ ಸಾಲು. ಉತ್ತರ ಬರುತ್ತೆ, ಆದರೆ ಸೊನ್ನೆ ಸೇರಿಸಿದರೂ ಬೆಲೆ ಯಾಕೆ ಬದಲಾಗಲ್ಲ ಅನ್ನೋದು ಇಲ್ಲ. ನಾನಾದರೆ ನೂರು ಮನೆಗಳ ಚೌಕ ಹಾಕಿ, ನಾಲ್ಕು ಕಂಬಸಾಲು ಪೂರ್ತಿ ಬಣ್ಣ ತುಂಬಿ 0.4 ತೋರಿಸ್ತೀನಿ: ನಲವತ್ತು ಮನೆ. ಪಕ್ಕದ ಚೌಕದಲ್ಲಿ ಮೂರು ಕಂಬಸಾಲು, ಮೇಲೆ ಐದು ಮನೆ: 0.35. ಎರಡನೇ ಉದಾಹರಣೆಯಲ್ಲಿ ಚೌಕ ಮಾತ್ರ ಕೊಟ್ಟು ಬಣ್ಣ ಮಗುವಿಗೇ ಬಿಡ್ತೀನಿ. ಮೂರನೆಯದರಲ್ಲಿ ಚೌಕವೂ ಇಲ್ಲ.

ಇನ್ನು ಕೊನೆಯ ಪುಟದ ಉತ್ತರಗಳು. '7) 0.82' ಅಂತ ಬರೆದರೆ ಟೀಚರ್‌ಗೆ ಸಿಗೋದು ಟಿಕ್ ಅಷ್ಟೇ. '0.35 ಅಂದವರು ಬಿಂದುವನ್ನು ಗಮನಿಸಿಲ್ಲ, ಚೌಕಕ್ಕೆ ವಾಪಸ್ ಕಳಿಸಿ' ಅಂತ ಟೀಚರ್ ಪ್ರತಿಯಲ್ಲಿ ಒಂದು ಸಾಲು ಹೆಚ್ಚಿಗೆ ಹಾಕಿದರೆ ಸಾಕು.

ಪುಟ್ಟಿಗೆ ಚೌಕ ಹಾಕಿಕೊಟ್ಟೆ. ಎಣಿಸಿ ಒಪ್ಪಿಕೊಂಡಳು. ಆಮೇಲೆ 0.5 ಮತ್ತು 0.50 ಕೊಟ್ಟೆ. ತುಂಬಾ ಹೊತ್ತು ನೋಡಿ, "ಎರಡೂ ಒಂದೇ ಅಲ್ವಾ ಮಾಮ? ಮತ್ತೆ ಆ ಸೊನ್ನೆ ಯಾಕೆ ಬರೀತಾರೆ?" ಅಂದಳು.

ಆ ಪ್ರಶ್ನೆ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ.