ಫಲಕದ ಒತ್ತಕ್ಷರ ಮತ್ತು ಅರಬ್ಬಿಯ ಶದ್ದಾ: ಕೊಯಮತ್ತೂರು–ತಿರುಪ್ಪೂರು ನಿಲ್ದಾಣನಾಮಗಳ ಲಿಪ್ಯಂತರಣವನ್ನು ಕುರಿತು

ಕೊಯಮತ್ತೂರಿನಿಂದ ತಿರುಪ್ಪೂರಿಗೆ ಹೋಗುವ ರೈಲುಮಾರ್ಗದಲ್ಲಿ ಪ್ರವಾಸಿಯೊಬ್ಬರು ನಿಲ್ದಾಣದ ಫಲಕಗಳ ಛಾಯಾಚಿತ್ರ ತೆಗೆದು, ಅವುಗಳಿಗೆ ಅರಬ್ಬಿ ಅಡಿಬರಹ ಕೊಡಲು ಹೊರಟಿದ್ದಾರೆ ಎನ್ನೋಣ. ಫಲಕದಲ್ಲಿ ತಮಿಳು, ದೇವನಾಗರಿ, ಇಂಗ್ಲಿಷ್ ಮೂರೂ ಇರುತ್ತವೆ. ಹಿಂದಿಯನ್ನು ಅಷ್ಟಿಷ್ಟು ಬಲ್ಲವರು ದೇವನಾಗರಿಯ ಸಾಲನ್ನೇ ಆಧಾರವಾಗಿ ಹಿಡಿಯುವುದು ಸಹಜ. ಇಂಥ ಅಡಿಬರಹಗಳಲ್ಲಿ ಕಾಣುವ ದೋಷಗಳನ್ನು ಸಾಮಾನ್ಯವಾಗಿ ಅರಬ್ಬಿಯ ಮೇಲೆ ಹೊರಿಸಲಾಗುತ್ತದೆ. ಆದರೆ ಅವುಗಳಲ್ಲಿ ಹಲವು ಅದಕ್ಕೂ ಮೊದಲಿನ ಹೆಜ್ಜೆಯಲ್ಲಿ, ಎಂದರೆ ಸಂಯುಕ್ತಾಕ್ಷರವನ್ನು ಓದುವಲ್ಲಿಯೇ ಹುಟ್ಟುತ್ತವೆ ಎಂಬುದು ನನ್ನ ವಾದ.

ತಿರುಪ್ಪೂರು ಎಂಬ ಒಂದೇ ಹೆಸರನ್ನು ಪರಿಶೀಲಿಸೋಣ. ಕನ್ನಡದಲ್ಲಿ ಮೊದಲ ವ್ಯಂಜನ ಪೂರ್ಣರೂಪದಲ್ಲಿ ನಿಂತು ಸ್ವರಚಿಹ್ನೆಯನ್ನೂ ತಾನೇ ಹೊರುತ್ತದೆ; ಎರಡನೆಯದು ಅದರ ಕೆಳಗೆ ಒತ್ತಾಗಿ ಸೇರುತ್ತದೆ. ದೇವನಾಗರಿಯ ಕ್ರಮ ಇದಕ್ಕೆ ವಿರುದ್ಧ. ಅಲ್ಲಿ ಮೊದಲ ಪಕಾರ ತನ್ನ ಬಲಗಡೆಯ ಲಂಬರೇಖೆಯನ್ನು ಕಳೆದುಕೊಂಡು ಅರ್ಧವಾಗುತ್ತದೆ, ಎರಡನೆಯದು ಪೂರ್ಣವಾಗಿ ನಿಂತು ದೀರ್ಘ ಊಕಾರವನ್ನು ಹೊರುತ್ತದೆ. ಬಣ್ಣ ಮಾಸಿದ ಅಥವಾ ಓರೆಯಿಂದ ಸೆರೆಹಿಡಿದ ಚಿತ್ರದಲ್ಲಿ ಆ ಅರ್ಧರೂಪ ಕಣ್ತಪ್ಪಿದರೆ ದ್ವಿತ್ವವೇ ಇಲ್ಲವಾಗುತ್ತದೆ. ಹೆಸರಿನ ಮೊದಲ ಅಕ್ಷರದಲ್ಲಿ ಇಕಾರದ ಚಿಹ್ನೆ ತಕಾರಕ್ಕಿಂತ ಮುಂಚೆಯೇ ನಿಂತಿರುತ್ತದೆ, ಓದುವುದು ಮಾತ್ರ ಅದರ ನಂತರ. ಎರಡನೆಯ ಅಕ್ಷರದಲ್ಲಿ ಇನ್ನೊಂದು ತೊಡಕಿದೆ. ರಕಾರಕ್ಕೆ ಸೇರುವ ಉಕಾರ ಕೆಳಗಿಳಿಯದೆ ಪಕ್ಕದಲ್ಲಿ ಅಂಟಿಕೊಳ್ಳುತ್ತದೆ. ಅದರ ಹ್ರಸ್ವ ದೀರ್ಘಗಳ ಭೇದ ಒಂದು ಸಣ್ಣ ಬಾಗುವಿನಲ್ಲಿದೆ. ಇಲ್ಲಿರುವುದು ಹ್ರಸ್ವ.

ಈಗ ಅರಬ್ಬಿಗೆ ಬರೋಣ. ಅರಬ್ಬಿಯಲ್ಲಿ ಪಕಾರವಿಲ್ಲ, ಬಾ ಅದರ ಸ್ಥಾನವನ್ನು ತುಂಬುತ್ತದೆ. ರೂಢಿಯಂತೆ ಬರೆಯುವವರು ತಾ, ಯಾ, ರಾ, ವಾವ್, ಬಾ, ವಾವ್, ರಾ ಎಂದು ಏಳು ಅಕ್ಷರಗಳನ್ನು ಜೋಡಿಸುತ್ತಾರೆ. ಅಕ್ಷರಶಃ ಓದಿದರೆ ಅದು ತೀರೂಬೂರ್ ಆಗುತ್ತದೆ. ಮೂರು ಸ್ವರಗಳೂ ದೀರ್ಘ, ದ್ವಿತ್ವ ಶೂನ್ಯ. ಇಲ್ಲಿ ಹೆಚ್ಚು ಹಾನಿ ಮಾಡುವುದು ಸ್ವರಗಳ ದೀರ್ಘತೆಯಲ್ಲ, ದ್ವಿತ್ವದ ಲೋಪ. ತಮಿಳಿನಲ್ಲಿ ಎರಡು ಸ್ವರಗಳ ನಡುವಿನ ಒಂಟಿ ಪಕಾರ ಬಕಾರದಂತೆ ಉಚ್ಚರಿತವಾಗುತ್ತದೆ. ಪಕಾರವಾಗಿಯೇ ಉಳಿಯುವುದು ಇಮ್ಮಡಿಯಾದಾಗ. ಆದ್ದರಿಂದ ಅರಬ್ಬಿಯ ಒಂಟಿ ಬಾ ತಮಿಳು ಕಿವಿಗೆ ಬೇರೊಂದು ಊರಿನ ಹೆಸರಾಗಿ ಕೇಳಿಸೀತು. ಆದರೆ ಬಾ ಅಕ್ಷರದ ಮೇಲೆ ಶದ್ದಾ ಇಟ್ಟರೆ, ತಮಿಳು ಬಲ್ಲ ಓದುಗ ಅದನ್ನು ಇಮ್ಮಡಿ ಪಕಾರವೆಂದು ಹಿಂದಿರುಗಿ ಗುರುತಿಸಬಲ್ಲ, ಏಕೆಂದರೆ ಅಚ್ಚ ತಮಿಳು ಪದಗಳಲ್ಲಿ ಇಮ್ಮಡಿ ಬಕಾರವಿಲ್ಲ. ಪಕಾರ ಬಕಾರಗಳ ಭೇದ ಅಳಿಸಿಹೋದ ಮೇಲೂ ಮೂಲವನ್ನು ಉಳಿಸುವುದು ಆ ಒಂದು ಚಿಹ್ನೆ. ಅರ್ಧ ಪಕಾರವನ್ನು ಕಾಣದವನಿಗೆ ಶದ್ದಾ ಇಡಬೇಕೆಂಬ ಯೋಚನೆಯೇ ಬಾರದು.

ಕೊಯಮತ್ತೂರಿನ ವಿಷಯದಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. ಇಮ್ಮಡಿ ತಕಾರದ ಸಾಂಪ್ರದಾಯಿಕ ದೇವನಾಗರಿ ರೂಪದಲ್ಲಿ ಒಂದೇ ಲಂಬರೇಖೆಗೆ ಎಡದಿಂದ ಎರಡು ಗೀಟುಗಳು ಸೇರುತ್ತವೆ. ಒಂದು ಗೀಟು ಮಸುಕಾದರೆ ಅದು ಒಂಟಿ ತಕಾರ. ಅವಸರದ ಕಣ್ಣಿಗೆ ನಕಾರವೂ ಆಗಬಹುದು. ಪೋದನೂರು, ಸೋಮನೂರು ಎಂಬ ಹೆಸರುಗಳು ಅದೇ ಪ್ರದೇಶದಲ್ಲಿರುವುದರಿಂದ ‘ನೂರು’ ಎಂಬ ತಪ್ಪು ಓದು ಅಸಂಭವವೆನಿಸುವುದೂ ಇಲ್ಲ. ಇಂಗ್ಲಿಷ್ ಸಾಲು ನೆರವಿಗೆ ಬಾರದು, ಅಲ್ಲಿ ಟಿ ಒಂದೇ. ನಮ್ಮ ಕನ್ನಡ ರೂಪ ಮಾತ್ರ ನಡುವಿನ ಬಕಾರವನ್ನು ಬಿಟ್ಟರೂ ಒತ್ತನ್ನು ಉಳಿಸಿಕೊಂಡಿದೆ.

ಹಾಗಾದರೆ ದೇವನಾಗರಿಯನ್ನು ಬಿಟ್ಟು ತಮಿಳು ಸಾಲನ್ನೇ ನಂಬಬಹುದೇ? ದ್ವಿತ್ವಕ್ಕೆ ಅದು ಉತ್ತಮ ಸಾಕ್ಷಿ. ಪುಳ್ಳಿ ಹೊತ್ತ ವ್ಯಂಜನ ಪ್ರತ್ಯೇಕವಾಗಿ, ಪೂರ್ಣವಾಗಿ ನಿಲ್ಲುತ್ತದೆ. ಆದರೆ ಇರುಗೂರಿನಲ್ಲಿ ತಮಿಳು ಬರೆಯುವುದು ಕಕಾರವನ್ನು; ಅದು ಗಕಾರವೆಂದು ಹೇಳುವುದು ದೇವನಾಗರಿ. ಆ ಗಕಾರಕ್ಕೆ ಅರಬ್ಬಿಯಲ್ಲಿ ಈಜಿಪ್ಟಿನವರು ಜೀಮ್ ಬಳಸಿದರೆ ಬೇರೆ ಹಲವರು ಗೈನ್ ಬಳಸುತ್ತಾರೆ. ಆ ಆಯ್ಕೆ ಓದುಗವರ್ಗವನ್ನು ಅವಲಂಬಿಸಿದ್ದು, ಓದು ಹಾಗಲ್ಲ. ಮತ್ತೆ, ಪೊಳ್ಳಾಚ್ಚಿಯ ಹ್ರಸ್ವ ಒಕಾರವನ್ನು ಹಿಂದಿಯ ದೇವನಾಗರಿ ತೋರಿಸಲಾರದು, ಅದಕ್ಕೆ ತಮಿಳು ಸಾಲೇ ಬೇಕು.

ಎಲ್ಲ ಸ್ವರಚಿಹ್ನೆಗಳನ್ನೂ ಇಟ್ಟು ಅರಬ್ಬಿ ಬರೆಯಬೇಕೆಂದು ಒತ್ತಾಯಿಸುವುದು ಅವ್ಯಾವಹಾರಿಕ. ಅವನ್ನು ಬಿಟ್ಟು ಯಾ, ವಾವ್‌ಗಳನ್ನೂ ತೆಗೆದರೆ ಉಳಿಯುವ ತಾ, ರಾ, ಬಾ, ವಾವ್, ರಾ ಎಂಬ ಅಸ್ಥಿಪಂಜರವನ್ನು ಪರಿಚಯವಿಲ್ಲದವನು ಹೇಗೆ ಬೇಕಾದರೂ ಓದಬಹುದು. ಆದಕಾರಣ ರೂಢಿಯ ಏಳಕ್ಷರಗಳನ್ನು ಉಳಿಸಿ, ಬಾ ಮೇಲೆ ಶದ್ದಾ ಒಂದನ್ನು ಸೇರಿಸುವುದೇ ಸಮಂಜಸ. ಅದಕ್ಕೆ ಮೊದಲು ದೇವನಾಗರಿಯ ಪ್ರತಿಯೊಂದು ಸಂಯುಕ್ತಾಕ್ಷರವನ್ನೂ ಬಿಡಿಸಿ ಬರೆದು, ತಮಿಳಿನ ಪುಳ್ಳಿಯೊಡನೆ ತಾಳೆ ನೋಡಬೇಕು. ಎರಡೂ ಹೊಂದದಿದ್ದಲ್ಲಿ ಅಡಿಬರಹವನ್ನು ತಡೆಹಿಡಿದು ಚಿತ್ರವನ್ನು ಮತ್ತೊಮ್ಮೆ ನೋಡಬೇಕು.