ಜಿನನಾಥಪುರದ ಅತಿಥಿಯ ಮಾತಿಗೆ ಇಂಗ್ಲಿಷ್ ಅಡಿಬರಹ

ಶ್ರವಣಬೆಳಗೊಳಕ್ಕೆ ಅತಿ ಸಮೀಪದಲ್ಲಿರುವ ಜಿನನಾಥಪುರಕ್ಕೆ ಶಾಂತಿನಾಥ ಬಸದಿಯ ಹೊರಭಿತ್ತಿಯ ಹೊಯ್ಸಳ ಶಿಲ್ಪವನ್ನು ನೋಡಲೆಂದು ಬಂದು, ಅಲ್ಲಿಯೇ ಒಂದು ಮನೆಯಲ್ಲಿ ತಂಗಿದ ಜೈನ ಗೃಹಿಣಿಯೊಬ್ಬರು ಕ್ಯಾಮೆರಾದ ಮುಂದೆ ಹೀಗೆ ಹೇಳಿದರೆಂದು ಭಾವಿಸೋಣ: “ನಮ್ಮದು ವ್ರತ, ಹೊತ್ತು ಮುಳುಗೋದ್ರೊಳಗೆ ಊಟ ಆಗಬೇಕು ಅಂದಿದ್ದೇ ತಡ, ಅಮ್ಮಾವ್ರು ಬಿಸಿಬಿಸಿ ಅಡುಗೆ ಮಾಡಿ, ಪಕ್ಕದಲ್ಲೇ ನಿಂತು ಬಡಿಸಿದ್ರು.” ಆಡಲು ಆರು ಸೆಕೆಂಡು ಹಿಡಿಯುವ ಈ ಮಾತನ್ನು ಕನ್ನಡವರಿಯದ ಪ್ರವಾಸಿಗೆ ಮುಟ್ಟಿಸಬೇಕಾದ ಅಡಿಬರಹಕಾರನಿಗೆ ರೂಢಿಯಲ್ಲಿರುವ ಮಿತಿ ಇಷ್ಟು: ಸೆಕೆಂಡಿಗೆ ಸುಮಾರು 17 ಅಕ್ಷರ, ಅಂತರವೂ ವಿರಾಮಚಿಹ್ನೆಯೂ ಸೇರಿ, ಸಾಲಿಗೆ 42, ಒಮ್ಮೆಗೆ ಎರಡು ಸಾಲು. ಆರು ಸೆಕೆಂಡಿಗೆ ನೂರೆರಡು ಅಕ್ಷರ ದೊರೆಯಿತು. ಮಾತನ್ನು ಏನೂ ಬಿಡದೆ ಅನುವಾದಿಸಿದರೋ 160 ಅಕ್ಷರಗಳಿಗೂ ಮಿಕ್ಕುತ್ತದೆ. ಓದಲು ಒಂಬತ್ತು ಸೆಕೆಂಡಿಗೂ ಹೆಚ್ಚು ಬೇಕಾದುದನ್ನು ಆರರಲ್ಲಿ ತೋರಿಸಿದಾಗ ನೋಡುಗನ ಕಣ್ಣು ಸಾಲಿನ ಮೇಲೆಯೇ ಓಡುತ್ತಿದ್ದು, ಆ ಗೃಹಿಣಿಯ ಮುಖವನ್ನು ಅದು ಕಾಣುವ ಮೊದಲೇ ಚಿತ್ರ ಮುಂದೆ ಸಾಗುತ್ತದೆ.

ಆದರೆ ಇಂತಹ ಚಿತ್ರಗಳಲ್ಲಿ ನನ್ನನ್ನು ಹೆಚ್ಚು ಬಾಧಿಸುವುದು ಈ ಅತಿಭಾರವಲ್ಲ, ಅದನ್ನು ನೀಗಲು ಹಿಡಿಯುವ ಸುಲಭಮಾರ್ಗ. ‘ಇವರ ಆತಿಥ್ಯ ಅತ್ಯುತ್ತಮವಾಗಿತ್ತು’ ಎಂಬರ್ಥದ ಇಂಗ್ಲಿಷ್ ವಾಕ್ಯ ಮೂವತ್ತೆರಡೇ ಅಕ್ಷರಗಳಲ್ಲಿ ಮುಗಿದು, ಮಿತಿಯ ಪರೀಕ್ಷೆಯಲ್ಲಿ ಲೀಲಾಜಾಲವಾಗಿ ಉತ್ತೀರ್ಣವಾಗುತ್ತದೆ. ಆದರೆ ಆಕೆ ಅದನ್ನು ಹೇಳಿಯೇ ಇಲ್ಲ. ಸೂರ್ಯಾಸ್ತದ ನಿಯಮವೂ, ತಡಮಾಡದ ಅಡುಗೆಯೂ, ನಿಂತು ಬಡಿಸಿದ ಕೈಯೂ ಮಾಯವಾಗಿ, ಯಾವ ಊರಿನ ಯಾವ ವಸತಿಗೃಹಕ್ಕಾದರೂ ಸಲ್ಲುವ ಪ್ರಶಂಸೆಯೊಂದು ಆಕೆಯ ಬಾಯಲ್ಲಿ ತುರುಕಲ್ಪಡುತ್ತದೆ. ಸಾಕ್ಷ್ಯವೆಂದು ತೋರಿಸುವ ಮಾತಿನಲ್ಲಿ ಇದು ಸಂಕ್ಷೇಪವಲ್ಲ, ಅಪಚಾರ. ಸಂಕ್ಷೇಪಿಸುವವನು ವಿಶೇಷಣಗಳನ್ನು ತ್ಯಜಿಸಿ, ಕ್ರಿಯೆಗಳನ್ನು ಉಳಿಸಿಕೊಳ್ಳತಕ್ಕದ್ದು:

```
1
00:00:00,000 --> 00:00:02,920
By our vow, we must eat before sunset.

2
00:00:03,000 --> 00:00:06,000
She cooked for us at once
and stood by us to serve.
```

ಮೊದಲನೆಯದರಲ್ಲಿ 38 ಅಕ್ಷರ, ಎರಡನೆಯದರಲ್ಲಿ ಐವತ್ತು, ಎರಡೂ ಮಿತಿಯೊಳಗಿವೆ. ಇಲ್ಲಿ ‘ಬಿಸಿಬಿಸಿ’ ಹೋಯಿತು, ‘ಅಮ್ಮಾವ್ರು’ ಎಂಬ ಗೌರವವೂ ಬರಿಯ ಸರ್ವನಾಮವಾಯಿತು. ಗೌರವ ಹೋದದ್ದು ನನಗೆ ನಿಜವಾದ ನಷ್ಟವೆಂದೇ ತೋರುತ್ತದೆ, ಧ್ವನಿಯಲ್ಲಿ ಉಳಿಯುವ ಆದರದ ಹೊರತು ಅದಕ್ಕೆ ಪರಿಹಾರವಿಲ್ಲ. ಒಡೆದ ಸ್ಥಳವನ್ನು ಮಾತ್ರ ನಾನು ಸಮರ್ಥಿಸುವೆನು. ಕನ್ನಡದ ವಾಕ್ಯ ತನ್ನ ಪ್ರಧಾನಕ್ರಿಯೆಯನ್ನು ಕೊನೆಗೆ ಕಾದಿಟ್ಟುಕೊಳ್ಳುತ್ತದೆ, ಇಂಗ್ಲಿಷಿನದು ಕರ್ತೃವಿನ ಬೆನ್ನಿಗೇ ಅದನ್ನು ನುಡಿದುಬಿಡುತ್ತದೆ. ಆದುದರಿಂದ ಇಡೀ ಮಾತನ್ನು ಒಂದೇ ಅಡಿಬರಹವಾಗಿಸಿದರೆ, ಆಕೆ ಬಡಿಸಿದ್ದನ್ನು ಹೇಳುವ ಮೊದಲೇ ನೋಡುಗನು ಅದನ್ನು ಓದಿ ಮುಗಿಸಿರಬಹುದು, ಕೊನೆಯಲ್ಲಿ ಆಕೆಯ ಮುಖದಲ್ಲಿ ಮೂಡುವ ನಗೆ ಅವನಿಗೆ ಅಕಾರಣವೆನಿಸುತ್ತದೆ. ‘ಅಂದಿದ್ದೇ ತಡ’ ಎಂಬಲ್ಲಿ ಆಕೆಯೇ ಉಸಿರೆಳೆಯುವುದರಿಂದ ಅಲ್ಲಿ ಕತ್ತರಿಸುವುದು ಉಚಿತ.

‘ಬಡಿಸಿದ್ರು’ ಎಂದ ಬಳಿಕ ಆಕೆ ಕ್ಷಣಕಾಲ ಮೌನವಾದರೆ, ಎರಡನೆಯ ಅಡಿಬರಹವನ್ನು ಇನ್ನರ್ಧ ಸೆಕೆಂಡು ನಿಲ್ಲಿಸಬಹುದು. ಹಾಗೆ ದೊರೆತ ಎಂಟು ಅಕ್ಷರಗಳಷ್ಟು ಅವಕಾಶದಲ್ಲಿ ‘ಬಿಸಿ’ಯನ್ನು ಮರಳಿ ತರುವ ಆಸೆ ಯಾರಿಗಾದರೂ ಆದೀತು; ನಾನಾದರೆ ಆ ಅವಕಾಶವನ್ನು ನೋಡುಗನ ಕಣ್ಣಿಗೇ ಬಿಟ್ಟುಕೊಡುವೆನು.