ಹತ್ತು ಸೆಕೆಂಡಿಗೆ ಹತ್ತು ಪಟ್ಟು

ಶಿವಮೊಗ್ಗ

ಪೂಜ್ಯ ಮೇಷ್ಟ್ರೇ,

ಭದ್ರಾವತಿಯ ಹೈಸ್ಕೂಲಿನಲ್ಲಿ ಬಾಡಿಗೆ ಟಿ.ವಿ., ವಿಸಿಆರ್ ತರಿಸಿ, ಕಿಟಕಿಗಳಿಗೆ ಜಮಖಾನ ಕಟ್ಟಿ ನೀವು ನಮಗೊಂದು ಚಿತ್ರ ತೋರಿಸಿದಿರಿ. ಹೆಸರು ‘ಪವರ್ಸ್ ಆಫ್ ಟೆನ್’, ಅವಧಿ ಒಂಬತ್ತು ನಿಮಿಷ. ಅದರ ಋಣ ನನ್ನ ಮೇಲೆ ಇಷ್ಟು ವರ್ಷ ಹಾಗೇ ಉಳಿದಿದೆ. ಮೊನ್ನೆ ಮನೆಯಲ್ಲಿ ಮತ್ತೆ ಹಾಕಿಕೊಂಡು ನೋಡಿದೆ. ಈ ಸುಖವನ್ನು ನಿಮ್ಮೊಡನೆ ಹಂಚಿಕೊಳ್ಳದೆ ಇರಲಾರೆ ಅನ್ನಿಸಿ ಬರೆಯುತ್ತಿದ್ದೇನೆ.

ಎಷ್ಟು ಸರಳವಾದ ಆರಂಭ, ನೆನಪಿದೆಯೇ? ಶಿಕಾಗೋ ನಗರದ ಸರೋವರದ ದಂಡೆ, ಹುಲ್ಲುಹಾಸು, ಹಾಸಿದ ಬಟ್ಟೆಯ ಮೇಲೆ ಹಣ್ಣು, ಪುಸ್ತಕ; ಉಂಡು ಮಲಗಿದ ಒಬ್ಬ ಗಂಡಸು, ಪಕ್ಕದಲ್ಲಿ ಹೆಂಗಸು. ಒಂದು ಮೀಟರ್ ಎತ್ತರದಿಂದ ನೋಡಿದ ಒಂದು ಮೀಟರ್ ಅಗಲದ ಚೌಕ. ಅಲ್ಲಿಂದ ಕ್ಯಾಮೆರಾ ನೆಟ್ಟಗೆ ಮೇಲಕ್ಕೇಳುತ್ತದೆ. ಹತ್ತು ಸೆಕೆಂಡಿಗೊಮ್ಮೆ ದೂರ ಹತ್ತು ಪಟ್ಟು, ಚೌಕವೂ ಹತ್ತು ಪಟ್ಟು. ಹತ್ತು ಮೀಟರ್, ನೂರು ಮೀಟರ್, ಒಂದು ಕಿಲೋಮೀಟರ್. ಮಲಗಿದವನು ಚುಕ್ಕೆಯಾಗುತ್ತಾನೆ, ಚುಕ್ಕೆಯೂ ಮಾಯವಾಗುತ್ತದೆ. ಆದರೆ ಚೌಕದ ನಟ್ಟನಡುವೆ ಅವನು ಇದ್ದೇ ಇದ್ದಾನೆಂದು ನಮಗೆ ಗೊತ್ತು. ಭೂಮಿ ಗುಂಡಗಾಗಿ ಸಣ್ಣದಾದ ಮೇಲೂ, ಸೂರ್ಯ ಸಾಮಾನ್ಯ ನಕ್ಷತ್ರವಾದ ಮೇಲೂ, ಆಕಾಶಗಂಗೆಯೇ ಒಂದು ಮಸುಕಾದ ಸುರುಳಿಯಾದ ಮೇಲೂ ಕಣ್ಣು ಆ ನಡುವನ್ನು ಬಿಡುವುದಿಲ್ಲ.

ಇಪ್ಪತ್ನಾಲ್ಕು ಹೆಜ್ಜೆ, ನಾಲ್ಕೇ ನಿಮಿಷ. ಹತ್ತು ಕೋಟಿ ಜ್ಯೋತಿರ್ವರ್ಷಗಳ ಆಚೆ ನಿಂತು ನೋಡಿದರೆ ಗೆಲಾಕ್ಸಿಗಳೆಲ್ಲ ಕತ್ತಲಲ್ಲಿ ಚೆಲ್ಲಿದ ಹಿಟ್ಟಿನ ಹಾಗೆ. ಅಲ್ಲಿ ಒಂದು ಕ್ಷಣ ನಿಂತು, ಕ್ಯಾಮೆರಾ ಮನೆಗೆ ಮರಳುತ್ತದೆ. ಈಗ ಹೆಜ್ಜೆಗೆ ಎರಡೇ ಸೆಕೆಂಡು. ನಲವತ್ತೆಂಟು ಸೆಕೆಂಡಿನಲ್ಲಿ ಧುಮುಕಿ ಬಂದು, ಮಲಗಿದವನ ಕೈ ಹತ್ತಿರವಾದಾಗ ಮತ್ತೆ ವೇಗ ತಗ್ಗಿಸಿ, ಮೆಲ್ಲಗೆ, ಬಹಳ ಮೆಲ್ಲಗೆ, ಆ ಕೈಯ ಚರ್ಮದೊಳಕ್ಕೆ ಇಳಿಯುತ್ತದೆ. ಜೀವಕೋಶ, ಅದರೊಳಗೆ ಡಿಎನ್‌ಎಯ ಸುರುಳಿ, ಅದರೊಳಗೊಂದು ಇಂಗಾಲದ ಪರಮಾಣು, ಅದರ ನಡುವಿನ ಪ್ರೋಟಾನ್. ಹೊರಗೆ ಹೋದಾಗ ಎದುರಾದ ಅಪಾರ ಬಯಲೇ ಪರಮಾಣುವಿನೊಳಗೂ ಎದುರಾಗುತ್ತದೆ. ಆ ಹೊತ್ತಿನಲ್ಲಿ ನಮ್ಮ ಕ್ಲಾಸಿನಲ್ಲಿ ಯಾರೂ ಕೆಮ್ಮಲಿಲ್ಲ, ಮೇಷ್ಟ್ರೇ.

ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಇದನ್ನು ಪೂರ್ತಿ ಮಾಡಿದ್ದು 1977ರಲ್ಲಿ. ಡಚ್ ಶಿಕ್ಷಕ ಕೀಸ್ ಬೂಕೆ ಮಕ್ಕಳಿಗಾಗಿ ಬರೆದ ‘ಕಾಸ್ಮಿಕ್ ವ್ಯೂ’ ಪುಸ್ತಕ ಇದಕ್ಕೆ ಬೀಜ. ಹಾಗಾಗಿ ಈ ಚಿತ್ರ ಹುಟ್ಟಿದ್ದೂ ಒಬ್ಬ ಮೇಷ್ಟ್ರ ತಲೆಯಲ್ಲಿ ಎಂದು ನನಗೆ ಹೆಮ್ಮೆ. ಒಂದೇ ಉಸಿರಿನ ಪಯಣದಂತೆ ಕಾಣುವುದು ನಿಜಕ್ಕೂ ಸ್ಥಿರಚಿತ್ರಗಳ ಸರಮಾಲೆ. ಇಡೀ ಒಂದು ಚಿತ್ರ ಮುಂದಿನದರ ನಡುವಿನ ಪುಟ್ಟ ಚೌಕಕ್ಕೆ ಬಣ್ಣದಲ್ಲಿ, ಬೆಳಕಿನಲ್ಲಿ, ಗೆರೆಯಲ್ಲಿ ಚಾಚೂ ತಪ್ಪದೆ ಕೂರಬೇಕು. ಕೂರದಿದ್ದರೆ ಚಿತ್ರ ಎಡವುತ್ತದೆ. ಈಗ ನೋಡುವಾಗ ನಾನು ಬೇಕೆಂದೇ ಬೆಸುಗೆ ಹುಡುಕುತ್ತೇನೆ. ಹುಡುಕುತ್ತಿದ್ದೇನೆಂಬುದನ್ನೇ ಸ್ವಲ್ಪ ಹೊತ್ತಿಗೆ ಮರೆಯುತ್ತೇನೆ. ಜೊತೆಗೆ ಭೌತವಿಜ್ಞಾನಿ ಫಿಲಿಪ್ ಮಾರಿಸನ್ ಅವರ ಅವಸರವಿಲ್ಲದ ದನಿ, ಎಲ್ಮರ್ ಬರ್ನ್‌ಸ್ಟೀನ್ ಅವರ ಸಂಗೀತ.

ನೀವು ಟಿ.ವಿ. ಆರಿಸಿದ ಮೇಲೆ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: “ಸಾರ್, ಕ್ಯಾಮೆರಾ ಎಷ್ಟು ಸ್ಪೀಡಲ್ಲಿ ಹೋಗುತ್ತೆ?” ನೀವು ಸೀಮೆಸುಣ್ಣ ಅವನ ಕೈಗಿಟ್ಟು, “ಬಾ ಮಾರಾಯ, ನೀನೇ ಲೆಕ್ಕ ಹಾಕು” ಅಂದಿರಿ. ಚಂದ್ರನ ಕಕ್ಷೆ ಪೂರ್ತಿ ಹಿಡಿಯುವ ಚೌಕ 100 ಕೋಟಿ ಮೀಟರ್ ಅಗಲದ್ದು, ಕ್ಯಾಮೆರಾ ಇರುವುದೂ ಅಷ್ಟೇ ದೂರದಲ್ಲಿ. ಮುಂದಿನ ಹೆಜ್ಜೆ 1,000 ಕೋಟಿ ಮೀಟರ್. ಹತ್ತು ಸೆಕೆಂಡಿನಲ್ಲಿ 900 ಕೋಟಿ ಮೀಟರ್ ಅಂದರೆ ಸೆಕೆಂಡಿಗೆ 90 ಕೋಟಿ. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 30 ಕೋಟಿ. ಚಂದ್ರನ ಕಕ್ಷೆ ದಾಟಿದ ಮೇಲೆ ಕ್ಯಾಮೆರಾ ಬೆಳಕನ್ನೂ ಹಿಂದೆ ಹಾಕುತ್ತದೆ! ಅಲ್ಲಿಂದಾಚೆಗೆ ಅದು ಯಾರೂ ಮಾಡಲಾಗದ ಪ್ರಯಾಣ, ಬುದ್ಧಿ ಮಾತ್ರ ಏರಬಲ್ಲ ಏಣಿ. ಒಳಗಿನ ದಾರಿಗೂ ಅಂಥದೇ ಗಡಿಯಿದೆ ಎಂದು ತೋರಿಸಿಕೊಟ್ಟಿರಿ. ಕಣ್ಣಿಗೆ ಕಾಣುವ ಬೆಳಕಿನ ಅಲೆಗಿಂತ ತೀರಾ ಸಣ್ಣ ವಸ್ತುವಿನ ರೂಪವನ್ನು ಆ ಬೆಳಕಿನಲ್ಲಿ ಬಿಡಿಸಿ ನೋಡಲಾಗದು. ಪರಮಾಣುವಿನ ಆ ಚೆಲುವಾದ ಬಣ್ಣಗಳೆಲ್ಲ ಕಲಾವಿದರ ಕೊಡುಗೆ. ಚಿತ್ರದ ಮಿತಿಗಳನ್ನು ಹೀಗೆ ಬಿಡಿಸಿಟ್ಟಿರಿ. ಅದರ ಮೇಲಿನ ಮೋಹ ನನಗೆ ಇನ್ನಷ್ಟು ಗಟ್ಟಿಯಾಯಿತು.

ಆದರೆ ನನ್ನ ಕಣ್ಣು ನಿಜವಾಗಿ ತೆರೆದದ್ದು ಮರುದಿನ. ಗ್ರಾಫ್ ಹಾಳೆ ಕೊಟ್ಟು, ಭದ್ರಾ ಹೊಳೆಯ ಸೇತುವೆ ಪಕ್ಕದ ಒಂದು ಚಪ್ಪಡಿ ಕಲ್ಲಿನಿಂದ ಶುರುಮಾಡಿ ಅಂದಿರಿ. ಒಂದು ಮೀಟರಿನ ಚೌಕದಲ್ಲಿ ಬರೀ ಕಲ್ಲು. ಹತ್ತು ಮೀಟರಿನದರಲ್ಲಿ ಬಟ್ಟೆ ಒಗೆಯುವವರು, ಮೊಣಕಾಲುದ್ದದ ನೀರು. ಒಂದು ಕಿಲೋಮೀಟರಿಗೆ ಹೊಳೆ ಊರನ್ನು ಎರಡು ಮಾಡುವ ಗೆರೆ. ಹತ್ತಕ್ಕೆ ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ಎರಡೂ ಬಂದವು. ಹೊಳೆ ಯಾಕೆ ಊರಿಗೆ ಅನ್ನ ಎಂಬುದು ಆ ಚೌಕದಲ್ಲಿ ಮಾತ್ರ ಕಾಣುತ್ತಿತ್ತು.

ನೂರು ಕಿಲೋಮೀಟರಿನ ಚೌಕ ಬಂದಾಗ ನಾನು ಪೆನ್ಸಿಲ್ ಕೆಳಗಿಟ್ಟೆ. ದಕ್ಷಿಣಕ್ಕೆ ಲಕ್ಕವಳ್ಳಿಯ ಅಣೆಕಟ್ಟು, ಉತ್ತರಕ್ಕೆ ಕೂಡ್ಲಿ. ಅಲ್ಲಿ ತುಂಗೆ ಬಂದು ಸೇರಿದಳು. ಅಷ್ಟು ಹೊತ್ತು ನಮ್ಮದೇ, ಒಂಟಿಯಾದ, ಪೂರ್ಣವಾದ ಹೊಳೆ ಈ ಚೌಕದಲ್ಲಿ ಇನ್ನೊಂದರ ಅರ್ಧವಾಗಿಬಿಟ್ಟಿತು. ಸಾವಿರ ಕಿಲೋಮೀಟರಿನ ಚೌಕದಲ್ಲಿ ತುಂಗಭದ್ರೆಯೂ ಕೃಷ್ಣೆಯ ಉಪನದಿ. ಚೆನ್ನೈ ಬಲ ಅಂಚಿಗೆ ತಾಗಿಕೊಂಡು ನಿಂತಿತ್ತು. ಕೃಷ್ಣೆ ಸಮುದ್ರ ಸೇರುವ ಜಾಗ ಆ ಹಾಳೆಗೆ ಸಿಗಲೇ ಇಲ್ಲ. ನಮ್ಮ ಚಪ್ಪಡಿ ಕಲ್ಲಿನ ಮುಂದೆ ಹರಿದ ನೀರು ಎಲ್ಲಿ ಮುಗಿಯುತ್ತದೆಂದು ತಿಳಿಯಲು ಇನ್ನೊಂದು ಚೌಕ ಬೇಕಾಯಿತು. ಒಂದೊಂದು ಚೌಕ ಹೇಳಿದ್ದೂ ನಿಜ, ಯಾವುದೂ ಇನ್ನೊಂದನ್ನು ಸುಳ್ಳು ಮಾಡಲಿಲ್ಲ. ಯಾರಾದರೂ ಏನನ್ನಾದರೂ ಖಚಿತವಾಗಿ ಹೇಳಿದಾಗ, ಇದು ಎಷ್ಟು ಅಗಲದ ಚೌಕದ ಮಾತು ಎಂದು ಮನಸ್ಸಿನಲ್ಲೇ ಅಳೆಯುವ ಚಟ ನನಗೆ ಹತ್ತಿದ್ದು ಅಂದಿನಿಂದ.

ನಿಮಗೆ ಖುಷಿಯಾಗುವ ಒಂದು ಸಂಗತಿ ಆಮೇಲೆ ತಿಳಿಯಿತು. ಇದೇ ಈಮ್ಸ್ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕೊಂದು ವರದಿ ಬರೆದರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಅದೇ ಮೂಲ. ಇಡೀ ದೇಶ ಸುತ್ತಿ ಅವರು ಮನಸೋತದ್ದು ನಮ್ಮ ಚೊಂಬಿಗೆ. ಅದು ಎಷ್ಟು ನೀರು ಹಿಡಿಯುತ್ತದೆ, ತುಂಬಿದಾಗ ಹೇಗೆ ತೂಗುತ್ತದೆ, ಖಾಲಿಯಾದಾಗ ಹೇಗೆ, ತಲೆಯ ಮೇಲೆ ಹೇಗೆ, ಸೊಂಟದ ಮೇಲೆ ಹೇಗೆ, ಇನ್ನೊಂದು ಪಾತ್ರೆಗೆ ತಾಗಿದರೆ ಎಂಥ ಸದ್ದು ಎಂದೆಲ್ಲ ಕೇಳಿಕೊಂಡಿದ್ದಾರೆ. ಗೆಲಾಕ್ಸಿಗೆ ಕೊಟ್ಟ ಅದೇ ಅಕ್ಕರೆ, ಅದೇ ಸಾವಧಾನ, ಒಂದು ಹಿತ್ತಾಳೆ ಚೊಂಬಿಗೂ.

ನೀವಿನ್ನೂ ಭದ್ರಾವತಿಯಲ್ಲೇ ಇದ್ದೀರಿ, ನಾನು ಶಿವಮೊಗ್ಗದಲ್ಲಿ. ಹತ್ತು ಕಿಲೋಮೀಟರಿನ ಚೌಕದಲ್ಲಿ ನೀವಿದ್ದೀರಿ, ನಾನಿಲ್ಲ. ನೂರರ ಚೌಕದಲ್ಲಿ ಇಬ್ಬರೂ ಇದ್ದೇವೆ. ಒಂದು ಭಾನುವಾರ ಬಸ್ಸು ಹತ್ತಿ ಬನ್ನಿ ಮೇಷ್ಟ್ರೇ. ದೊಡ್ಡ ಪರದೆಯ ಮೇಲೆ ಒಮ್ಮೆ ದನಿಯಿಲ್ಲದೆ, ಒಮ್ಮೆ ದನಿಯೊಡನೆ ನೋಡೋಣ. ಬೆಸುಗೆ ಎಲ್ಲಿದೆಯೆಂದು ನೀವೇ ತೋರಿಸಿಕೊಡಬೇಕು.

ನಿಮ್ಮ ಹಳೆಯ ವಿದ್ಯಾರ್ಥಿ